ಸಿಸಿಯಲ್ಲಿ ಮ್ಯಾನೇಜರ್ ಇರುವಾಗ ಮೇಲ್ ಬರೆಯುವುದು ಹೇಗೆ?

"ಸೋಮವಾರಪೇಟೆ ಕಡೆ ಒಂದು ಕಾಫಿ ಎಸ್ಟೇಟ್ ಆಫೀಸಿನಲ್ಲಿದ್ದೇನೆ. ಕಾಫಿ ಬೀಜ ಬಿಡಿಸಿಕೊಡುವ ಕ್ಯೂರಿಂಗ್ ವರ್ಕ್ಸ್‌ನವರು ಔಟ್‌ಟರ್ನ್ ರಿಪೋರ್ಟ್, ಅಂದರೆ ಚೆರಿಯಿಂದ ಎಷ್ಟು ಬೀಜ ಸಿಗುತ್ತೆ ಅನ್ನೋ ಲೆಕ್ಕ, ಕೊಡ್ತಿಲ್ಲ. ಎರಡು ಮೇಲ್‌ಗೂ ಉತ್ತರ ಇಲ್ಲ. ಈಗ ಅವರ ಮ್ಯಾನೇಜರ್‌ಗೆ ಸಿಸಿ ಹಾಕಬೇಕು. ಚಾಡಿ ಹೇಳಿದ ಹಾಗೆ ಆಗಬಾರದು, ಹೇಗೆ ಬರೆಯಲಿ?"

ಮೊದಲು ಒಂದು ಫೋನ್ ಮಾಡಿ. ಮಳೆ ಹಿಡಿದರೆ ನಮ್ಮಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈ ಕೊಡುತ್ತವೆ, ನಿಮ್ಮ ಮೇಲ್ ಅವರು ನೋಡದೇ ಇರಬಹುದು. ಫೋನ್‌ನಲ್ಲೇ "ದಿನ ಹತ್ತಿರ ಬಂತು, ಮ್ಯಾನೇಜರ್‌ಗೂ ಒಂದು ಕಾಪಿ ಹಾಕ್ತೀನಿ" ಅಂತ ಹೇಳಿಬಿಡಿ. ಮೇಲ್ ತೆರೆದಾಗಲೇ ಮ್ಯಾನೇಜರ್ ಹೆಸರು ಕಂಡರೆ ಯಾರಿಗಾದರೂ ಬೇಜಾರಾಗುತ್ತೆ, ಅಲ್ವಾ?

ಹೊಸ ಮೇಲ್ ಬೇಡ, ಹಳೆಯದಕ್ಕೇ ರಿಪ್ಲೈ ಮಾಡಿ. ನೀವು ಯಾವಾಗ ಕೇಳಿದ್ದಿರಿ ಅನ್ನೋದು ಕೆಳಗೆ ತಾನಾಗಿ ಕಾಣುತ್ತೆ, ಒತ್ತಿ ಹೇಳಬೇಕಾಗಿಲ್ಲ. "ಟು"ನಲ್ಲಿ ರಿಪೋರ್ಟ್ ಕೊಡಬೇಕಾದವರೇ ಇರಲಿ, ಮಾತು ಅವರ ಜೊತೆಗೇ ನಡೆಯಲಿ. ಸಿಸಿ ಅವರ ನೇರ ಮೇಲಿನವರಿಗೆ ಮಾತ್ರ. ಮಾಲೀಕರವರೆಗೆ ಹೋಗಬೇಡಿ.

ನಾನಾದರೆ ಹೀಗೆ ಬರೆಯುತ್ತೇನೆ:

"ನಮಸ್ಕಾರ ಸರ್. ಮೇ 6ಕ್ಕೆ ನಿಮ್ಮಲ್ಲಿ ಇಳಿಸಿದ 120 ಚೀಲ ರೊಬಸ್ಟಾ ಚೆರಿಯ ಔಟ್‌ಟರ್ನ್ ರಿಪೋರ್ಟ್ ನಮಗೆ ಇನ್ನೂ ತಲುಪಿಲ್ಲ. ಮೇ 20 ಮತ್ತು 27ಕ್ಕೆ ಬರೆದಿದ್ದೆ. ಚೀಲದ ಬೆಲೆ ಔಟ್‌ಟರ್ನ್ ಮೇಲೆ ನಿಂತಿರುವುದರಿಂದ ರಿಪೋರ್ಟ್ ಇಲ್ಲದೆ ವ್ಯಾಪಾರ ಮುಗಿಯುತ್ತಿಲ್ಲ. ವ್ಯಾಪಾರಿ ಜೂನ್ 5ರವರೆಗೆ ಕಾಯುತ್ತಾರೆ. ಜೂನ್ 3ರೊಳಗೆ ಸಿಗಬಹುದೇ? ನಮ್ಮ ಕಡೆಯಿಂದ ಏನಾದರೂ ಬಾಕಿ ಇದ್ದರೆ ತಿಳಿಸಿ, ಅಂದೇ ಕಳಿಸುತ್ತೇನೆ. ಸಮಯ ಕಡಿಮೆ ಇರುವುದರಿಂದ ಮ್ಯಾನೇಜರ್ ಅವರನ್ನೂ ಸಿಸಿಯಲ್ಲಿ ಸೇರಿಸಿದ್ದೇನೆ."

"ನೀವು ಕಳಿಸಿಲ್ಲ" ಅಂತ ಎಲ್ಲೂ ಇಲ್ಲ, "ನಮಗೆ ತಲುಪಿಲ್ಲ" ಅಂತಿದೆ. ನಿಮಗೆ ಖಚಿತವಾಗಿ ಗೊತ್ತಿರುವುದು ಅಷ್ಟೇ. ಅವರು ಕಳಿಸಿ ಎಲ್ಲೋ ಸಿಕ್ಕಿಕೊಂಡಿರಬಹುದು, ಸ್ಯಾಂಪಲ್‌ನ ಸಿಪ್ಪೆ ಬಿಡಿಸುವ ಹಲ್ಲಿಂಗ್ ಇನ್ನೂ ಆಗದೇ ಇರಬಹುದು. ಸಿಸಿ ಯಾಕೆ ಅನ್ನೋದನ್ನೂ ಬಾಯಿಬಿಟ್ಟು ಹೇಳಿದೆ. ಹೇಳದೆ ಬಿಟ್ಟರೆ ಓದುವವರು ತಾವೇ ಒಂದು ಕಾರಣ ಹುಡುಕುತ್ತಾರೆ, ಅದು ಯಾವಾಗಲೂ ಕೆಟ್ಟದ್ದೇ ಇರುತ್ತೆ.

ಕಳಿಸುವ ಮೊದಲು "ಈಗಲಾದರೂ", "ಎಷ್ಟು ಸಲ", "ಮತ್ತೆ ಮತ್ತೆ", "ಒಂದು ಉತ್ತರವೂ ಇಲ್ಲ" ಇವು ಎಲ್ಲಾದರೂ ನುಸುಳಿವೆಯೇ ನೋಡಿ. ಇದ್ದರೆ ತೆಗೆದು ತಾರೀಖು ಹಾಕಿ. ಸಿಟ್ಟು ಬಂದಾಗ ಇವು ತಾವಾಗಿಯೇ ಕೈಗೆ ಬರುತ್ತವೆ. "ದಯವಿಟ್ಟು" ಕೂಡ ಒಂದು ಸಲ ಸಾಕು. ಸಾಲುಸಾಲಿಗೆ ಬಂದರೆ ಚುಚ್ಚಿದ ಹಾಗೆ ಕೇಳುತ್ತೆ.

ರಿಪೋರ್ಟ್ ಬಂದ ದಿನ ಅದೇ ಮೇಲ್‌ನಲ್ಲಿ, ಮ್ಯಾನೇಜರ್ ಸಿಸಿಯಲ್ಲಿ ಇರುವಾಗಲೇ, ಕಳಿಸಿದವರ ಹೆಸರು ಹೇಳಿ ಥ್ಯಾಂಕ್ಸ್ ಹಾಕಿ. ಬಾಕಿ ಇದೆ ಅಂತ ನೋಡಿದ ಮ್ಯಾನೇಜರ್‌ಗೆ ಕೆಲಸ ಆಯಿತು ಅಂತಲೂ ಕಾಣಬೇಕು. ಅದರ ನಂತರದ ಮೇಲ್‌ಗಳಲ್ಲಿ ಸಿಸಿ ತೆಗೆದುಬಿಡಿ.