‘ನಾಕೈದು ವರ್ಷ’ ಅಂದರೆ ಎಷ್ಟು ವರ್ಷ?

*ಸಂಪಾದಕರಿಗೆ ನಮಸ್ಕಾರ. ಸಿಂಧನೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟೇನಿ. 2025ರ ನವೆಂಬರ್ 18ಕ್ಕೆ ಅಪ್ಪಾಜಿಗೆ ಎದೆನೋವು ಬಂದು ಬಳ್ಳಾರಿಗೆ ಒಯ್ದಿವಿ. ಸ್ಟೆಂಟ್ ಹಾಕಿದರು, 2,86,400 ರೂಪಾಯಿ ಬಿಲ್ ಆತು. ಪಾಲಿಸಿ 2022ರ ಜೂನ್ 12ರಿಂದ ಐತಿ, ಒಂದು ವರ್ಷನೂ ಕಂತು ತಪ್ಪಿಸಿಲ್ಲ. ಈಗ ಡಿಸೆಂಬರ್ 29ರ ಪತ್ರದಾಗ ‘ಐದು ವರ್ಷದಿಂದ ಬಿಪಿ ಇತ್ತು, ಮುಚ್ಚಿಟ್ಟೀರಿ’ ಅಂತ ಕ್ಲೇಮ್ ತಿರಸ್ಕಾರ ಮಾಡ್ಯಾರ. ಬಿಪಿ ಗೊತ್ತಾಗಿದ್ದೇ 2023ರಾಗ. ಕ್ಯಾಶುವಾಲ್ಟಿಯಾಗ ಗಾಬರಿಗೆ ‘ನಾಕೈದು ವರ್ಷ ಆಗಿರಬೇಕ್ರಿ’ ಅಂದಾವ ನಾನೇ. ಮೂರು ಪುಟ ಮೇಲ್ಮನವಿ ಬರೆದೇನಿ. ವಕೀಲರು ಸೀದಾ ಕೋರ್ಟಿಗೇ ಹೋಗೂಣು ಅಂತಾರ. ಮೇಲ್ಮನವಿ, ಕಾಗದಪತ್ರ ಎಲ್ಲಾ ಜೆರಾಕ್ಸ್ ಮಾಡಿ ಇದರ ಜೊತಿ ಕಳಿಸೇನಿ. ಏನು ಮಾಡಲಿ?*
*— ಓದುಗರು, ಸಿಂಧನೂರು*

ನಿಮ್ಮ ಮೂರು ಪುಟ ಓದಿದೆ. ಭತ್ತಕ್ಕೆ ರೇಟಿಲ್ಲದ್ದು, ಕಂತಿಗಾಗಿ ಕೈಗಡ ಮಾಡಿದ್ದು, ಏಜೆಂಟ್ ಫೋನ್ ಎತ್ತದಿರುವುದು, ಎಲ್ಲವೂ ಇದೆ. ಅಪ್ಪಾಜಿಗೆ ಬಿಪಿ ಯಾವತ್ತು ಗೊತ್ತಾಯಿತು ಎಂಬ ತಾರೀಖು ಮಾತ್ರ ಮೂರನೇ ಪುಟದ ಕೊನೆಯಲ್ಲಿ, ಆವರಣದೊಳಗೆ ಅಡಗಿ ಕೂತಿದೆ. ಬೈಯುತ್ತಿಲ್ಲ, ಆದರೆ ಆ ಪುಟಗಳನ್ನು ಮಡಚಿಡಿ. ನಿಮ್ಮ ಪತ್ರ ಓದುವವರು ಚೆನ್ನೈಯಲ್ಲೋ ಪುಣೆಯಲ್ಲೋ ಕೂತು ದಿನಕ್ಕೆ ಹತ್ತಾರು ಫೈಲು ನೋಡುವವರು. ಅವರ ಮುಂದಿರುವ ಪ್ರಶ್ನೆ ಒಂದೇ: 2022ರ ಜೂನ್ 12ಕ್ಕೆ ಮೊದಲು ಈ ಮನುಷ್ಯನಿಗೆ ಬಿಪಿ ಇದ್ದದ್ದು ಗೊತ್ತಿತ್ತೋ ಇಲ್ಲವೋ? ನಿಮ್ಮ ಮೇಲ್ಮನವಿಯ ಪ್ರತಿ ಸಾಲೂ ಇದಕ್ಕೇ ಉತ್ತರವಾಗಬೇಕು.

ಕಂಪನಿ ಕಡೆಯ ಮಾತನ್ನೂ ಒಂದಿಷ್ಟು ಹೇಳಿಬಿಡುತ್ತೇನೆ. ಕಾಯಿಲೆ ಮುಚ್ಚಿಟ್ಟು ಪಾಲಿಸಿ ಮಾಡಿಸುವವರು ಇದ್ದಾರೆ. 2009ರ ಸತ್ವಂತ್ ಕೌರ್ ಸಂಧು ಪ್ರಕರಣದಲ್ಲಿ ಸಕ್ಕರೆ ಕಾಯಿಲೆ, ಕಿಡ್ನಿ ವೈಫಲ್ಯ ಎರಡನ್ನೂ ಅರ್ಜಿಯಲ್ಲಿ ಹೇಳಿರಲಿಲ್ಲ. ಕ್ಲೇಮ್ ತಿರಸ್ಕರಿಸಿದ್ದು ಸರಿ ಎಂದೇ ಸುಪ್ರೀಂ ಕೋರ್ಟ್ ಹೇಳಿತು. ಅಂಥವರ ಖರ್ಚು ಬಂದು ಬೀಳುವುದು ನಮ್ಮ ನಿಮ್ಮ ಕಂತಿನ ಮೇಲೆಯೇ. ಆದರೆ ಮುಚ್ಚಿಟ್ಟರು ಎಂದು ಆರೋಪಿಸಿದ ಕಂಪನಿಯೇ ಅದನ್ನು ಸಾಬೀತು ಮಾಡಬೇಕು. 2024ರ ಏಪ್ರಿಲ್‌ನಲ್ಲಿ ಮಹಾಕಾಳಿ ಸುಜಾತಾ ಪ್ರಕರಣದಲ್ಲಿ ಅದೇ ನ್ಯಾಯಾಲಯ ಇದನ್ನು ಬಿಡಿಸಿ ಹೇಳಿದೆ. ಅದು ಜೀವವಿಮೆಯ ಪ್ರಕರಣವಾದರೂ ತತ್ವ ಬೇರೆಯಲ್ಲ. ನಿಮ್ಮ ವಿಷಯದಲ್ಲಿ ಕಂಪನಿಯ ಕೈಯಲ್ಲಿರುವ ಪುರಾವೆ ಯಾವುದು? ಡಿಸ್ಚಾರ್ಜ್ ಸಮ್ಮರಿಯ ಒಂದೇ ಒಂದು ಸಾಲು.

ಆ ಸಾಲು ಹುಟ್ಟಿದ ಬಗೆ ನೋಡಿ. ನಮ್ಮ ಕಡೆ ‘ನಾಕೈದು’ ಅಂದರೆ ನಾಲ್ಕೂ ಅಲ್ಲ, ಐದೂ ಅಲ್ಲ. ‘ನಾಕೈದು ಮಂದಿ ಬಂದಿದ್ರು’ ಅಂದರೆ ಯಾರೂ ತಲೆ ಎಣಿಸುವುದಿಲ್ಲ. ಮಧ್ಯರಾತ್ರಿಯ ಡ್ಯೂಟಿ ಡಾಕ್ಟರು ಅದನ್ನು ಕೇಸ್ ಶೀಟಿಗೆ ಇಳಿಸುವಾಗ ಅಂದಾಜಿನ ಮಾತಿಗೆ ಅಲ್ಲಿ ಜಾಗವಿಲ್ಲ, ಅಂಕಿ ಬೇಕು. 5 ಎಂದು ಬರೆದರು. ಬೆಳಿಗ್ಗೆ ಅದನ್ನೇ ಟೈಪ್ ಮಾಡಿದರು, ಬಿಡುಗಡೆಯ ದಿನ ನೀವು ಓದದೆ ಸಹಿ ಹಾಕಿದಿರಿ. 2025ರ ನವೆಂಬರಿನಿಂದ ಐದು ವರ್ಷ ಹಿಂದಕ್ಕೆ ಎಣಿಸಿದರೆ 2020, ಅಂದರೆ ಪಾಲಿಸಿಗಿಂತ ಒಂದೂವರೆ ವರ್ಷ ಹಿಂದೆ. ಹೀಗೆ ಮಾತಿನ ರೂಢಿಯೊಂದು 2,86,400 ರೂಪಾಯಿಯ ಅಪರಾಧವಾಯಿತು.

ಈಗ ಕಾಗದಕ್ಕೆ ಬರೋಣ. ಮೊದಲು ಆಸ್ಪತ್ರೆಯ ಮೆಡಿಕಲ್ ರೆಕಾರ್ಡ್ಸ್ ವಿಭಾಗಕ್ಕೆ ಲಿಖಿತ ಅರ್ಜಿ ಕೊಟ್ಟು ಒಳರೋಗಿ ಕಡತದ ಪೂರ್ತಿ ಪ್ರತಿ ಕೇಳಿ. ಬರೀ ಸಮ್ಮರಿ ಸಾಲದು. ಕೇಳಿದ 72 ಗಂಟೆಯೊಳಗೆ ದಾಖಲೆ ಒದಗಿಸಬೇಕೆಂದು 2002ರ ವೈದ್ಯಕೀಯ ವೃತ್ತಿನಡತೆ ನಿಯಮಗಳಲ್ಲೇ ಇದೆ. ಕ್ಯಾಶುವಾಲ್ಟಿ ಹಾಳೆ, ದಾಖಲಾತಿ ವೇಳೆಯ ಡಾಕ್ಟರರ ಟಿಪ್ಪಣಿ, ನರ್ಸ್ ಬರೆದ ಹಾಳೆ, ಈ ಮೂರರಲ್ಲೂ ಬಿಪಿಯ ಅವಧಿ ಎಷ್ಟೆಂದು ಬರೆದಿದೆ ನೋಡಿ. ಬೇರೆ ಬೇರೆಯವರು ಬೇರೆ ಬೇರೆ ಹೊತ್ತಿನಲ್ಲಿ ಕೇಳಿ ಬರೆದದ್ದರಿಂದ ಒಂದರಲ್ಲಿ 5, ಇನ್ನೊಂದರಲ್ಲಿ 2, ಮತ್ತೊಂದರಲ್ಲಿ ಏನೂ ಇಲ್ಲದಿರುವುದು ಅಪರೂಪವಲ್ಲ. ಆ ವ್ಯತ್ಯಾಸ ಸಿಕ್ಕರೆ ಅದೇ ನಿಮ್ಮ ಗಟ್ಟಿ ಪುರಾವೆ.

ಆಮೇಲೆ ಚಿಕಿತ್ಸೆ ಕೊಟ್ಟ ಹೃದ್ರೋಗ ತಜ್ಞರಿಂದ ಸ್ಪಷ್ಟೀಕರಣ ಪತ್ರ ಬೇಕು. ಹೆಚ್ಚಿನವರು ಎಡವುವುದು ಇಲ್ಲಿಯೇ. ಹಳೇ ಸಮ್ಮರಿಯಲ್ಲಿ 5 ಹೊಡೆದು 2 ಬರೆಸಿ ತರುತ್ತಾರೆ, ಕಂಪನಿಯವರು ‘ದಾಖಲೆ ತಿದ್ದಿದ್ದಾರೆ’ ಎಂದು ಎರಡನೇ ಆರೋಪ ಹೊರಿಸುತ್ತಾರೆ. ಸಮ್ಮರಿಯನ್ನು ಮುಟ್ಟಬೇಡಿ. ಬೇರೆ ಲೆಟರ್‌ಹೆಡ್ಡಿನಲ್ಲಿ, ನೋಂದಣಿ ಸಂಖ್ಯೆ, ಸಹಿ, ಇಂದಿನ ತಾರೀಖಿನೊಂದಿಗೆ ಮೂರೇ ಸಂಗತಿ ಬರೆದುಕೊಡಲಿ: ಐದು ವರ್ಷ ಎಂಬುದು ರೋಗಿಯ ಕಡೆಯವರು ಬಾಯಿಮಾತಿನಲ್ಲಿ ಹೇಳಿದ್ದು, ಆಗ ಹಳೆಯ ಯಾವ ದಾಖಲೆಯನ್ನೂ ನೋಡಿರಲಿಲ್ಲ, ಈಗ 14-8-2023ರ ಓಪಿ ಚೀಟಿ ನೋಡಿದ ಮೇಲೆ ಬಿಪಿ ಮೊದಲು ಪತ್ತೆಯಾದದ್ದು ಅಂದೇ ಎಂದು ಕಾಣುತ್ತದೆ. ಇದು ನಿಜವಿದ್ದರೆ ಮಾತ್ರ ಕೇಳಿ. ಕಂಪನಿಯ ತನಿಖೆಯವರು ಆಸ್ಪತ್ರೆಗೂ ಹೋಗುತ್ತಾರೆ, ಊರಿನ ಮೆಡಿಕಲ್ ಶಾಪಿಗೂ ಹೋಗುತ್ತಾರೆ. ಹಿಂದಿನ ತಾರೀಖು ಹಾಕಿದ ಒಂದು ಚೀಟಿ ಸಿಕ್ಕರೆ ನಿಮ್ಮ ನಿಜವಾದ ಕಾಗದಗಳೂ ಸುಳ್ಳಾಗಿಬಿಡುತ್ತವೆ.

ತಾಲ್ಲೂಕು ಆಸ್ಪತ್ರೆಯ ಆ ಓಪಿ ಚೀಟಿ ನಿಮ್ಮ ಕಟ್ಟಿನಲ್ಲೇ ಇದೆ. ಆದರೆ ಅದೊಂದೇ ಸಾಲದು. ‘ಅದಕ್ಕೂ ಮೊದಲೇ ಮಾತ್ರೆ ನುಂಗುತ್ತಿದ್ದರು, ಈ ಚೀಟಿ ಆಮೇಲಿನದು’ ಎನ್ನಬಹುದು. ಪಾಲಿಸಿಗಿಂತ ಹಿಂದಿನ, ಬಿಪಿ ಸರಿಯಾಗಿತ್ತೆಂದು ತೋರಿಸುವ ಕಾಗದ ಬೇಕು. ಅದೂ ಇದೆ, ನೀವು ‘ಬೇಡವಾದದ್ದು’ ಎಂದು ತಳಕ್ಕೆ ಹಾಕಿದ್ದೀರಿ! 2022ರ ಫೆಬ್ರುವರಿಯಲ್ಲಿ ರಾಯಚೂರಿನಲ್ಲಿ ಕಣ್ಣಿನ ಪೊರೆ ತೆಗೆಸಿದಾಗಿನ ಫಿಟ್ನೆಸ್ ಹಾಳೆ: ಬಿಪಿ 124/82, ಬೇರೆ ಕಾಯಿಲೆ ಇಲ್ಲ, ಮಾತ್ರೆ ಇಲ್ಲ. ಪಾಲಿಸಿಗೆ ನಾಲ್ಕು ತಿಂಗಳ ಮುಂಚೆ, ವಿಮೆಯ ಯೋಚನೆಯೇ ಇಲ್ಲದಾಗ, ಯಾವುದೋ ಡಾಕ್ಟರು ತಮ್ಮ ಕೆಲಸಕ್ಕಾಗಿ ಬರೆದದ್ದು. ಜಗಳ ಹುಟ್ಟುವ ಮುಂಚಿನ ಇಂಥ ಕಾಗದಕ್ಕೆ, ಜಗಳವಾದ ಮೇಲೆ ಮಾಡಿಸಿದ ಹತ್ತು ಅಫಿಡವಿಟ್ಟು ಸಮವಲ್ಲ.

ಇನ್ನೊಂದು, ಪಾಲಿಸಿ ಮಾಡಿಸುವಾಗ ತುಂಬಿದ ಪ್ರಪೋಸಲ್ ಫಾರ್ಮಿನ ಪ್ರತಿಯನ್ನು ಕಂಪನಿಯಿಂದ ಕೇಳಿ. ಬಿಪಿ ಬಗ್ಗೆ ಪ್ರಶ್ನೆ ಇತ್ತೇ, ಉತ್ತರ ಯಾರು ತುಂಬಿದರು ಎಂಬುದು ಅದರಲ್ಲಿರುತ್ತದೆ. ಏಜೆಂಟೇ ಮೊಬೈಲಿನಲ್ಲಿ ತುಂಬಿ ನಿಮ್ಮಿಂದ ಬರೀ ಓಟಿಪಿ ಪಡೆದಿದ್ದರೂ ಫಾರ್ಮ್ ನೋಡದೆ ಅದರ ಮೇಲೆ ವಾದ ಕಟ್ಟಬೇಡಿ.

ಮೇಲ್ಮನವಿ ಒಂದೇ ಪುಟ ಇರಲಿ, ಸರಳ ಇಂಗ್ಲಿಷಿನಲ್ಲಿ, ಕಂಪನಿಯ ಕುಂದುಕೊರತೆ ಅಧಿಕಾರಿಯ ಹೆಸರಿಗೆ. ತಲೆಯಲ್ಲಿ ಪಾಲಿಸಿ ನಂಬರ್, ಕ್ಲೇಮ್ ನಂಬರ್, ತಿರಸ್ಕಾರ ಪತ್ರದ ತಾರೀಖು. ಮೊದಲ ಪ್ಯಾರಾದಲ್ಲಿ ಅವರು ಕೊಟ್ಟ ಕಾರಣವನ್ನು ಅವರದೇ ಮಾತಿನಲ್ಲಿ, ಒಂದಕ್ಷರ ಬದಲಿಸದೆ ಎತ್ತಿ ಬರೆಯಿರಿ. ಪತ್ರದಲ್ಲಿ ಹೇಳದ ಹೊಸ ಕಾರಣವನ್ನು ಕಂಪನಿ ಆಮೇಲೆ ತರುವಂತಿಲ್ಲ ಎಂದು 2019ರ ಸೌರಾಷ್ಟ್ರ ಕೆಮಿಕಲ್ಸ್ ತೀರ್ಪಿದೆ. ಹಾಗಾಗಿ ಅವರನ್ನು ಆ ಒಂದು ಕಾರಣಕ್ಕೇ ಕಟ್ಟಿಹಾಕಿ. ಎರಡನೇ ಪ್ಯಾರಾದಲ್ಲಿ ಒಂದೇ ವಾಕ್ಯದ ಉತ್ತರ. ಅದರ ಕೆಳಗೆ ತಾರೀಖುಗಳ ಪಟ್ಟಿ, ಪ್ರತಿ ತಾರೀಖಿನ ಎದುರು ಲಗತ್ತಿನ ಪುಟಸಂಖ್ಯೆ, ಹೀಗೆ:

ಫೆಬ್ರುವರಿ 2022 – ಕಣ್ಣಿನ ಶಸ್ತ್ರಚಿಕಿತ್ಸೆ, ಬಿಪಿ 124/82 – ಪುಟ 1
12-6-2022 – ಪಾಲಿಸಿ ಆರಂಭ – ಪುಟ 2
14-8-2023 – ಬಿಪಿ ಮೊದಲ ಪತ್ತೆ, ಓಪಿ ಚೀಟಿ – ಪುಟ 3
18-11-2025 – ಆಸ್ಪತ್ರೆ ದಾಖಲು, ಕ್ಯಾಶುವಾಲ್ಟಿ ಹಾಳೆ – ಪುಟ 4
29-12-2025 – ತಿರಸ್ಕಾರ ಪತ್ರ – ಪುಟ 5
ಸ್ಪಷ್ಟೀಕರಣ ಪತ್ರ, ಅದರ ತಾರೀಖಿನೊಂದಿಗೆ – ಪುಟ 6

ಕೊನೆಯ ಪ್ಯಾರಾದಲ್ಲಿ ಕೋರಿಕೆ: ತಿರಸ್ಕಾರ ಹಿಂಪಡೆದು 2,86,400 ರೂಪಾಯಿ ಬಡ್ಡಿ ಸಹಿತ ಕೊಡಿ, ಕೊಡದಿದ್ದರೆ ಪಾಲಿಸಿಯ ಯಾವ ಷರತ್ತಿನಡಿ, ಯಾವ ದಾಖಲೆ ನೋಡಿ ತಿರಸ್ಕರಿಸಿದಿರಿ ತಿಳಿಸಿ, ಕ್ಲೇಮ್ ಪರಿಶೀಲನಾ ಸಮಿತಿ ಒಪ್ಪಿದ ತಾರೀಖನ್ನೂ ತಿಳಿಸಿ. ಈ ಕೊನೆಯದು ಗದರಿಕೆಯಲ್ಲ. ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ 2024ರ ಮೇ 29ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ ಸಮಿತಿಯ ಒಪ್ಪಿಗೆಯಿಲ್ಲದೆ ಯಾವ ಆರೋಗ್ಯ ಕ್ಲೇಮನ್ನೂ ತಿರಸ್ಕರಿಸುವಂತಿಲ್ಲ, ತಿರಸ್ಕರಿಸಿದರೆ ಷರತ್ತನ್ನು ಹೆಸರಿಸಲೇಬೇಕು.

‘ಬಿಪಿಗೂ ಹೃದಯಕ್ಕೂ ಸಂಬಂಧವಿಲ್ಲ’ ಎಂದು ನಿಮ್ಮ ಕರಡಿನಲ್ಲಿದೆ, ಹೊಡೆದುಹಾಕಿ. ಸಂಬಂಧವಿದೆ ಎಂದು ಯಾವ ಡಾಕ್ಟರಾದರೂ ಹೇಳುತ್ತಾರೆ. ‘ಐದು ವರ್ಷದ ಮೊರಟೋರಿಯಂ’ ಎಂದೂ ಬರೆದಿದ್ದೀರಿ. ಸತತ 60 ತಿಂಗಳಾದ ಮೇಲೆ ವಂಚನೆ ಸಾಬೀತಾಗದ ಹೊರತು ಮುಚ್ಚಿಟ್ಟ ಕಾರಣ ಹೇಳುವಂತಿಲ್ಲ ಎಂಬುದು ನಿಜ, ಆದರೆ ನಿಮಗೆ ಆಗಿರುವುದು 41 ತಿಂಗಳು. ಸೋಲುವ ವಾದವೊಂದು ಜೊತೆಗಿದ್ದರೆ ಓದುವವರು ಅದಕ್ಕೇ ಉತ್ತರ ಬರೆದು ಫೈಲು ಮುಚ್ಚುತ್ತಾರೆ.

ಇಮೇಲ್ ಮತ್ತು ಸ್ಪೀಡ್ ಪೋಸ್ಟ್ ಎರಡರಲ್ಲೂ ಕಳಿಸಿ, ಮೂಲ ಪ್ರತಿ ಕೊಡಬೇಡಿ. ಅದೇ ದಿನ bimabharosa.irdai.gov.in ತಾಣದಲ್ಲೂ ದೂರು ದಾಖಲಿಸಿ, ಬರುವ ಟೋಕನ್ ನಂಬರ್ ಬರೆದಿಟ್ಟುಕೊಳ್ಳಿ. ತಿಂಗಳಾದರೂ ಉತ್ತರ ಬಾರದಿದ್ದರೆ, ಅಥವಾ ಮತ್ತೆ ಇಲ್ಲವೆಂದರೆ, ವಿಮಾ ಕಂಪನಿಗಳ ಮೇಲಿನ ದೂರು ಇತ್ಯರ್ಥ ಮಾಡುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ cioins.co.in ಮೂಲಕ ಹೋಗಿ. ಅದಕ್ಕೆ ಒಂದು ವರ್ಷದ ಗಡುವಿದೆ.

ವಕೀಲರ ಮಾತು ತಪ್ಪಲ್ಲ. ರಾಯಚೂರಿನ ಜಿಲ್ಲಾ ಗ್ರಾಹಕ ಆಯೋಗದ ಬಾಗಿಲೂ ತೆರೆದಿದೆ, ಎರಡು ವರ್ಷ ಕಾಲಾವಕಾಶವಿದೆ. ಆ ಎರಡು ವರ್ಷವನ್ನು ಡಿಸೆಂಬರ್ 29ರ ಪತ್ರದಿಂದಲೇ ಎಣಿಸಿ, ನಡುವಿನ ಪತ್ರವ್ಯವಹಾರದಿಂದ ಅದು ನಿಂತಿರುತ್ತದೆ ಎಂದುಕೊಳ್ಳಬೇಡಿ. ಆದರೆ ಒಂಬುಡ್ಸ್‌ಮನ್ ಬಳಿ ಶುಲ್ಕವಿಲ್ಲ, ವಕೀಲರಿಗೆ ಅವಕಾಶವೇ ಇಲ್ಲ, 50 ಲಕ್ಷದವರೆಗೆ ಆದೇಶ ಮಾಡಬಹುದು, ಆ ಆದೇಶ ಕಂಪನಿಗೆ ಕಡ್ಡಾಯ. ಅಲ್ಲಿ ಸೋತರೂ ಆಯೋಗಕ್ಕೆ ಹೋಗಬಹುದು. ಆಯೋಗದಲ್ಲಿ ಕೇಸು ಹಾಕಿ ಒಂಬುಡ್ಸ್‌ಮನ್ ಬಳಿ ಹೋಗಲು ಮಾತ್ರ ಬರುವುದಿಲ್ಲ. ಅದಕ್ಕೇ ಈ ಕ್ರಮ.

ನನ್ನ ಹಳೇ ತಕರಾರನ್ನು ಇಲ್ಲಿ ಹೇಳದಿದ್ದರೆ ಆಗದು. ಬಳ್ಳಾರಿ, ರಾಯಚೂರು, ಕೊಪ್ಪಳದ ಯಾವ ಆಸ್ಪತ್ರೆಯಲ್ಲಾದರೂ ಬಿಲ್ ಕೌಂಟರಿನವರು ಹಣವನ್ನು ಕನ್ನಡದಲ್ಲೇ ಕೇಳುತ್ತಾರೆ. ನಾವು ಕನ್ನಡದಲ್ಲಿ ಹೇಳಿದ ರೋಗದ ಕಥೆ ಮಾತ್ರ ಇಂಗ್ಲಿಷಿನ ಸಂಕ್ಷೇಪವಾಗಿ ಕೂತುಕೊಳ್ಳುತ್ತದೆ, ಅದರ ಕೆಳಗೆ ನಮ್ಮದೇ ಸಹಿ. ‘ನೀವು ಹೇಳಿದ್ದನ್ನು ಹೀಗೆ ಬರೆದಿದ್ದೇವೆ, ಸರಿಯೇ?’ ಎಂದು ಒಂದು ಸಾಲು ಓದಿ ಹೇಳಿದ್ದರೆ ಅರ್ಧ ನಿಮಿಷ ಹಿಡಿಯುತ್ತಿತ್ತು. ಓದಿ ಹೇಳಿ ಎಂದು ಕೇಳುವ ಹಕ್ಕು ನಿಮಗಿತ್ತು, ಕೇಳಲಿಲ್ಲ. ಇನ್ನು ಮುಂದೆ ಓಪಿ ಚೀಟಿಯ ಫೋಟೋ ಮೊಬೈಲಿನಲ್ಲಿರಲಿ. ಎಷ್ಟು ವರ್ಷವಾಯಿತು ಎಂದು ಕೇಳಿದರೆ ಅದನ್ನೇ ತೋರಿಸಿ.

ಪತ್ರದ ಅಂಚಿನಲ್ಲಿ ‘ಈ ಸಲ ಕಂತು ಕಟ್ಟೂದಿಲ್ಲ’ ಎಂದು ಸಿಟ್ಟಿನಲ್ಲಿ ಗೀಚಿದ್ದೀರಿ. ಕಟ್ಟಿ. 2026ರ ಜೂನ್ 12ಕ್ಕೆ ನವೀಕರಣ, ತಡವಾದರೆ ಗ್ರೇಸ್ ಅವಧಿ 30 ದಿನ. ಅದನ್ನೂ ದಾಟಿಸಿದರೆ ಇಷ್ಟು ವರ್ಷ ಕೂಡಿಟ್ಟ ತಿಂಗಳುಗಳು ಹೋದವು. ಸ್ಟೆಂಟ್ ಹಾಕಿಸಿಕೊಂಡವರಿಗೆ ಹೊಸ ಪಾಲಿಸಿ ಸುಲಭಕ್ಕೆ ಸಿಗುವುದಿಲ್ಲ. ಕಟ್ಟುತ್ತ ಹೋದರೆ 2027ರ ಜೂನ್ 12ಕ್ಕೆ ಆ 60 ತಿಂಗಳು ತುಂಬುತ್ತವೆ.