ಅವ್ವನ ಸೀರೆಗೆ ಕತ್ತರಿ ಹಾಕುವ ಮುನ್ನ

ಪ್ರಶ್ನೆ: ವಿಜಯಪುರದಲ್ಲಿರುವ ನನ್ನ ಗೆಳತಿಯ ತಾಯಿ ತೀರಿಕೊಂಡು ಎರಡು ತಿಂಗಳಾಯಿತು. ಬರುವ ತಿಂಗಳು ಅವಳ ಹುಟ್ಟುಹಬ್ಬ. ಅವಳಿಗೆ ತಿಳಿಯದಂತೆ ಅವಳ ಅಣ್ಣನಿಂದ ಅವರ ಅವ್ವನ ಇಳಕಲ್ ಸೀರೆಗಳನ್ನು ತರಿಸಿಕೊಂಡು, ಕೌದಿ ಹೊಲಿಸಿ ಕೊಡಬೇಕೆಂದಿದ್ದೇನೆ. ಅಣ್ಣ ಒಪ್ಪಿದ್ದಾರೆ. ಅವಳಿಗೆ ನೋವಾದೀತೇ?
– ಓದುಗಿ, ಬಾಗಲಕೋಟೆ

ಉತ್ತರ: ತಂಗಿ, ಕೌದಿ ಬಹಳ ಒಳ್ಳೆಯ ಆಲೋಚನೆ. ಗುಟ್ಟಾಗಿ ಮಾತ್ರ ಹೊಲಿಸಬೇಡಿ. ಕತ್ತರಿ ಆಡಿದ ಸೀರೆ ಮತ್ತೆ ಸೀರೆಯಾಗುವುದಿಲ್ಲ. ಅಣ್ಣನಿಗೆ ಅದು ಹಳೆಯ ಬಟ್ಟೆ ಇರಬಹುದು. ಅದೇ ಸೀರೆಯನ್ನು ಒಮ್ಮೆ ಉಡಬೇಕೆಂದು ಮಗಳು ಎತ್ತಿಟ್ಟಿರಬಹುದು.

ನನ್ನ ಅವ್ವ ಹೋದಾಗ ಬಂಧುವೊಬ್ಬರು ಪ್ರೀತಿಯಿಂದಲೇ ಅವಳ ಸೀರೆಗಳನ್ನೆಲ್ಲ ಒಗೆದು, ಇಸ್ತ್ರಿ ಮಾಡಿಸಿ, ಟ್ರಂಕಿನಲ್ಲಿ ಜೋಡಿಸಿಟ್ಟರು. ತೆರೆದು ಮುಖಕ್ಕೆ ಹಿಡಿದರೆ ಸೋಪಿನ ವಾಸನೆ. ಎಲೆ ಅಡಿಕೆ, ಒಲೆಯ ಹೊಗೆ, ಅವಳ ಮೈ, ಯಾವುದೂ ಉಳಿದಿರಲಿಲ್ಲ. ಅವರಿಗೆ ನಾನು ಇಂದಿಗೂ ಅದನ್ನು ಹೇಳಿಲ್ಲ. ಹಾಗಾಗಿ ನಿಮ್ಮ ಗೆಳತಿಗೆ ಮೊದಲು ಹೇಳಬೇಕಾದ ಮಾತು ಇದು: ಒಂದು ಸೀರೆಯನ್ನು ಒಗೆಯದೆ ಹಾಗೇ ಕಟ್ಟಿಡು.

ಹುಟ್ಟುಹಬ್ಬದ ದಿನ ಬರಿಗೈಯಲ್ಲಿ ಹೋಗಲು ಮನಸ್ಸಾಗದಿದ್ದರೆ ರೊಟ್ಟಿ ಪಲ್ಯದ ಬುತ್ತಿ ಒಯ್ಯಿರಿ. ಕರದಂಟು, ಕೇಕು ಈ ಸಲ ಬೇಡ. ಉಂಡಾದ ಮೇಲೆ ಕೇಳಿ: “ಅವ್ವನ ಸೀರೆಯಲ್ಲಿ ನಿನಗೊಂದು ಕೌದಿ ಹೊಲಿಸಿಕೊಡಬೇಕೆಂದಿದ್ದೇನೆ. ಯಾವ ಸೀರೆ ಎಂಬುದನ್ನು ನೀನೇ ಆರಿಸು. ಈಗ ಆಗದಿದ್ದರೆ ವರ್ಷ ಕಳೆದ ಮೇಲೆ ಹೇಳು.” ಅವಳು ಮಾತು ತಿರುಗಿಸಿದರೆ ಅಲ್ಲಿಗೇ ಬಿಡಿ.

ಒಪ್ಪಿದರೆ, ಹಾಸಿಗೆಯಗಲದ ಕೌದಿ ಬೇಡ. ಅದಕ್ಕೆ ನಾಲ್ಕೈದು ಸೀರೆ ಹೋಗುತ್ತವೆ. ಮಡಿಲ ಮೇಲೆ ಹೊದೆಯುವಷ್ಟು ಸಣ್ಣದಕ್ಕೆ ಎರಡು ಸಾಕು. ಇಳಕಲ್ ಸೀರೆಯ ಒಡಲಿಗೆ ಸೆರಗನ್ನು ನೇಯುವಾಗಲೇ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಆ ಜೋಡಣೆಯ ಈಚೆಗೆ, ಒಡಲಿನ ಬದಿಯಲ್ಲಿ ಕತ್ತರಿಸಿ, ಸೆರಗನ್ನು ಇಡಿಯಾಗಿ ಅವಳಿಗೆ ಬಿಡಿ. ಗುರುತು ಇರುವುದು ಸೆರಗಿನಲ್ಲೇ, ಮಗು ಹಿಡಿದು ಓಡಾಡಿದ್ದೂ ಅದನ್ನೇ. ಸೆರಗಿನ ಹಳೆಯ ರೇಷ್ಮೆ ಮಡಿಕೆಯಲ್ಲಿ ಸೀಳುವುದರಿಂದ ಕೌದಿಗೆ ಅದು ಒಗ್ಗುವುದೂ ಇಲ್ಲ.

ಒಡಲನ್ನು ಬೆಳಕಿಗೆ ಹಿಡಿದು ನೋಡಿ. ಜರಡಿಯಂತೆ ಕಂಡ ಭಾಗ ಒಳಪದರಕ್ಕಿರಲಿ, ಗಟ್ಟಿಯಿದ್ದದ್ದು ಮೇಲೆ ಬರಲಿ. ಒದ್ದೆ ಬಿಳಿ ಬಟ್ಟೆಯಿಂದ ಅಂಚನ್ನು ಉಜ್ಜಿದಾಗ ಕೆಂಪು ಅಂಟಿದರೆ ಬಣ್ಣ ಬಿಡುತ್ತದೆ ಎಂದರ್ಥ. ಅಂಥದನ್ನು ತಿಳಿಬಣ್ಣದ ತುಂಡಿನ ಪಕ್ಕ ಹಾಕಿಸಬೇಡಿ. ಕೈಹೊಲಿಗೆಯ ಕೌದಿಗೆ ವಾರಗಳೇ ಬೇಕು, ಹೊಲಿಯುವವರಿಗೆ ಅವಸರ ಮಾಡಬೇಡಿ. ಇವು ಯಾರ ಸೀರೆಗಳೆಂದು ಅವರಿಗೆ ಮೊದಲೇ ತಿಳಿಸಿ, ಉಳಿದ ಚೂರುಗಳನ್ನೂ ಎಸೆಯದೆ ಗಂಟು ಕಟ್ಟಿ ಕೊಡಲು ಹೇಳಿ. ಆ ಗಂಟು ಕೌದಿಯ ಜೊತೆಗೇ ಗೆಳತಿಯ ಕೈ ಸೇರಲಿ.