ಬ್ಲೇಡ್ ಸಿಂಕಿಗೆ ಬೀಳಲೇಬಾರದು

"ಫುಡ್ ಪ್ರೊಸೆಸರಿನಲ್ಲಿ ಉಳ್ಳಾಗಡ್ಡಿ ಹೆಚ್ಚಿ, ಬ್ಲೇಡನ್ನು ಉಳಿದ ಪಾತ್ರೆಗಳ ಜೊತೆ ಸೋಪಿನ ನೀರಿನಲ್ಲಿ ನೆನೆಸಿಟ್ಟಿದ್ದೆ. ತೊಳೆಯುವಾಗ ಬೆರಳು ಕೊಯ್ಯಿತು. ಯಾವ ಕೈಗವಸು ತಗೋಬೇಕು? ಬೆಳಗಾವಿಯಲ್ಲಿ ಸಿಗುತ್ತಾ?"

ಅಕ್ಕಾ, ನಮ್ಮ ಮನೆಯಲ್ಲೂ ಆದದ್ದು ಇದೇ. ಕೈಗವಸು ಆಮೇಲಿನ ಮಾತು. ತಪ್ಪಾಗಿದ್ದು ನೆನೆಸಿಟ್ಟಲ್ಲಿ.

ನೊರೆಯ ಕೆಳಗೆ ಬ್ಲೇಡ್ ಕಾಣುವುದಿಲ್ಲ. ಚಮಚ ಹುಡುಕುವ ಕೈಗೆ ಮೊದಲು ಸಿಗುವುದು ಅದರ ಅಂಚು. ಸೋಪಿನಿಂದ ಜಾರುವ ವಸ್ತುವನ್ನು ಕೈ ತಾನಾಗಿಯೇ ಬಿಗಿಯಾಗಿ ಹಿಡಿಯುತ್ತದೆ, ಹಿಡಿದಷ್ಟೂ ಗಾಯ ಆಳ. ನೀವು ಇಟ್ಟದ್ದು ನಿಮಗಾದರೂ ನೆನಪಿರುತ್ತದೆ, ಪಾತ್ರೆ ತೊಳೆಯಲು ಬರುವವರಿಗೆ ಗೊತ್ತೇ ಇರುವುದಿಲ್ಲ. ನನಗೆ ಹೆಚ್ಚು ಭಯ ಅದರದ್ದೇ.

ಹಾಗೆ ನೋಡಿದರೆ ನೆನೆಸುವ ಅಗತ್ಯವೇ ಇಲ್ಲ. ಉಳ್ಳಾಗಡ್ಡಿ ತೆಗೆದ ಕೂಡಲೇ, ಒಣಗುವ ಮೊದಲು, ಬಟ್ಟಲಿಗೆ ಎರಡು ಲೋಟ ಉಗುರುಬೆಚ್ಚಗಿನ ನೀರು, ಒಂದೇ ಹನಿ ಸೋಪು ಹಾಕಿ ಮುಚ್ಚಳ ಬಿಗಿ ಮಾಡಿ. ಎರಡು ಮೂರು ಸೆಕೆಂಡಿನಂತೆ ನಾಲ್ಕೈದು ಸಲ ತಿರುಗಿಸಿ. ನೀರು ನಡುವಿನ ಕೊಳವೆಯ ತುದಿಗಿಂತ ಸಾಕಷ್ಟು ಕೆಳಗಿರಲಿ, ಮೇಲೇರಿದರೆ ಕೊಳವೆಯೊಳಗಿಂದ ಮೋಟಾರಿನ ಕಡೆ ಇಳಿಯುತ್ತದೆ. ಅಂಟಿದ್ದು ಬಹುಪಾಲು ಬಿಟ್ಟುಕೊಳ್ಳುತ್ತದೆ.

ಆಮೇಲೆ ಪ್ಲಗ್ ಕಿತ್ತು, ಬ್ಲೇಡ್ ಪೂರ್ತಿ ನಿಂತ ಮೇಲೆ ಮುಚ್ಚಳ ತೆಗೆಯಿರಿ. ಮೊದಲು ಬ್ಲೇಡನ್ನು ನಡುವಿನ ಪ್ಲಾಸ್ಟಿಕ್ ಗುಬುಟು ಹಿಡಿದು ನೇರ ಮೇಲಕ್ಕೆತ್ತಿ, ಆಮೇಲೆ ನೀರು ಚೆಲ್ಲಿ. ಬ್ಲೇಡ್ ಒಳಗಿದ್ದಾಗಲೇ ಬಟ್ಟಲು ಬಗ್ಗಿಸಿದರೆ ಅದು ಜಾರಿ ಬೀಳುತ್ತದೆ, ಬೀಳುವುದನ್ನು ಹಿಡಿಯಲು ಕೈ ತಾನೇ ಮುಂದೆ ಹೋಗುತ್ತದೆ.

ಇನ್ನು ಹರಿಯುವ ನಲ್ಲಿಯ ಕೆಳಗೆ ಉದ್ದ ಹಿಡಿಕೆಯ ಬ್ರಷ್‌ನಿಂದ ಉಜ್ಜಿ. ಯಾವಾಗಲೂ ಮೊಂಡು ಬೆನ್ನಿನಿಂದ ಹರಿತ ಅಂಚಿನ ಕಡೆಗೆ, ಹೊರಮುಖವಾಗಿ. ಸ್ಪಂಜು ಬೇಡ. ಅಂಚು ಅದನ್ನು ಸೀಳಿಕೊಂಡು ನೇರ ಬೆರಳಿಗೆ ಬರುತ್ತದೆ. ಹೋಳು ಮಾಡುವ ತಟ್ಟೆಯನ್ನೂ ಗಜ್ಜರಿ ತುರಿಯುವ ತಟ್ಟೆಯನ್ನೂ ಹೊರ ಅಂಚಿನಲ್ಲಿ ಹಿಡಿದು, ಹಲ್ಲು ಯಾವ ಕಡೆ ಬಾಗಿವೆಯೋ ಅದೇ ಕಡೆಗೆ ಬ್ರಷ್ ಎಳೆಯಿರಿ. ಎದುರು ಎಳೆದರೆ ನಾರು ಇನ್ನಷ್ಟು ಸಿಕ್ಕಿಕೊಳ್ಳುತ್ತದೆ. ತೊಳೆದದ್ದನ್ನು ಕಾಣುವಂತೆ ದಪ್ಪ ಅರಿವಿಯ ಮೇಲೆ ಒಣಗಿಸಿ, ಡಬ್ಬಿಗೆ ಹಾಕಿ. ಚಮಚಗಳ ಜೊತೆ ಬೇಡ.

ಕೈಗವಸು ಬೇಕೆಂದರೆ ಕೊಯ್ತ ತಡೆಯುವ ಹೆಣೆದ ಗವಸು ಸಿಗುತ್ತದೆ, ಕೈಗೆ ಬಿಗಿಯಾಗಿ ಕೂಡುವ ಅಳತೆ ನೋಡಿ. ಅದು ಅಂಚಿನ ಗೀರು ತಡೆಯುತ್ತದೆ, ಚೂಪು ತುದಿಯ ಚುಚ್ಚುವಿಕೆಯನ್ನು ಅಷ್ಟಾಗಿ ತಡೆಯುವುದಿಲ್ಲ. ಪಾತ್ರೆ ತೊಳೆಯುವ ರಬ್ಬರ್ ಗವಸು ಬ್ಲೇಡನ್ನು ತಡೆಯುವುದಿಲ್ಲ.

ನಿಮ್ಮ ಬೆರಳು ಈಗ ಹೇಗಿದೆ ಬರೆದಿಲ್ಲ. ಶುದ್ಧ ಅರಿವಿಯಿಂದ ಹತ್ತು ನಿಮಿಷ ಬಿಡದೆ ಒತ್ತಿದರೂ ರಕ್ತ ನಿಲ್ಲದಿದ್ದರೆ, ಗಾಯ ಬಾಯಿ ಬಿಟ್ಟಿದ್ದರೆ, ತುದಿ ಮರಗಟ್ಟಿದ್ದರೆ ಅಥವಾ ಬೆರಳು ಪೂರ್ತಿ ಮಡಚಲು, ಚಾಚಲು ಬಾರದಿದ್ದರೆ ಇವತ್ತೇ ದವಾಖಾನೆಗೆ ಹೋಗಿ. ನರವೋ ಸ್ನಾಯುವನ್ನು ಎಲುಬಿಗೆ ಜೋಡಿಸುವ ಹುರಿಯೋ ತುಂಡಾಗಿರಬಹುದು. ಧನುರ್ವಾತದ ಇಂಜೆಕ್ಷನ್ ಕಡೆಯದಾಗಿ ಯಾವಾಗ ಆಗಿತ್ತೆಂದು ಅಲ್ಲಿ ಹೇಳಿ. ಅರಿಷಿಣ, ಕಾಫಿಪುಡಿ ತುಂಬಬೇಡಿ, ಹೊಲಿಗೆ ಹಾಕುವ ಮೊದಲು ಅದನ್ನೆಲ್ಲ ತೊಳೆದು ತೆಗೆಯಬೇಕಾಗುತ್ತದೆ.